ಮಸ್ಕತ್‌ನ ಡಾಕ್ಟರಿಗೆ, ನರ್ಸಿಗೆ ಅಮ್ಮ ಏನಂತ ಹೇಳಲಿ?

ಚಿಂತಾಮಣಿಯಿಂದ ಕೇಳಿದ್ದು:
ಅಕ್ಕನ ಮನೆಗೆ ಅಂತ ಮಸ್ಕತ್‌ಗೆ ಹೋಗಿದ್ದ ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು ಆಪರೇಷನ್ ಆಯ್ತು. ಗುರುವಾರ ಹೊಲಿಗೆ ಬಿಚ್ಚಿಸೋಕೆ ಹೋಗ್ಬೇಕು. ಡಾಕ್ಟರ್ ಈಜಿಪ್ಟಿನ ಗಂಡಸು, ನರ್ಸ್ ಒಮಾನಿನ ಹೆಣ್ಣುಮಗಳು. ಅಮ್ಮನಿಗೆ ಕನ್ನಡ, ತೆಲುಗು ಬಿಟ್ಟು ಬೇರೆ ಬರಲ್ಲ, ಆದ್ರೂ ಅವರ ಭಾಷೇಲೇ ಹೇಳ್ಬೇಕು ಅಂತ ಹಟ. ಶುಕ್ರನ್ ಅಂದ್ರೆ ಸಾಕಾ?

ಕುಣಿಗಲ್‌ನಿಂದ:
ಶುಕ್ರನ್ ಸಾಕು. ಇನ್ನೂ ಜಾಸ್ತಿ ಬೇಕಿದ್ರೆ ಶುಕ್ರನ್ ಜಝೀಲನ್ ಅನ್ನಲಿ, ತುಂಬ ತುಂಬ ಥ್ಯಾಂಕ್ಸ್ ಅಂತ ಅರ್ಥ. ಅಲ್ಲಾ ಅನ್ನೋ ಹೆಸರು ಬರೋ ಮಾತುಗಳು ಮುಸ್ಲಿಮರು ಮಾತ್ರ ಆಡೋದು, ಅದರ ತಂಟೆಗೆ ಹೋಗೋದು ಬೇಡ. ಅಲ್ಲಿ ಕೇರಳದ ನರ್ಸ್‌ಗಳೂ ತುಂಬ ಇರ್ತಾರೆ, ಇಂಗ್ಲಿಷಲ್ಲಿ ಹೇಳಿದ್ರೂ ನಡೆಯುತ್ತೆ.

ತುಮಕೂರಿನಿಂದ:
ಕುಣಿಗಲ್‌ನವರು ಹೇಳಿದ ಜಝೀಲನ್ ತಪ್ಪಲ್ಲ, ಆದ್ರೆ ಅದು ಪುಸ್ತಕದ ಮಾತು. ಈಜಿಪ್ಟಿನವರ ಬಾಯಲ್ಲಿ ಅದೇ ಗಝೀಲನ್ ಆಗುತ್ತೆ, ಅವರಿಗೆ ಜ ಇರೋ ಕಡೆ ಗ ಬರುತ್ತೆ. ಬರೀ ಶುಕ್ರನ್ ಅಂದ್ರೆ ಅಂಗಡಿಯಲ್ಲಿ ಚಿಲ್ಲರೆ ಈಸ್ಕೊಂಡು ಅಂದ ಹಾಗೆ. ಎರಡು ವಾರ ಅಮ್ಮನ್ನ ಮಗ್ಗುಲು ಹೊರಳಿಸಿ, ಬೆಡ್‌ಪ್ಯಾನ್ ಇಟ್ಟು ನೋಡಿಕೊಂಡ ಹುಡುಗಿಗೆ ಅಷ್ಟೇ ಅಂದ್ರೆ ಸಪ್ಪೆ ಅನಿಸುತ್ತೆ.

ಅರಬರು ಇಂಥ ಕಡೆ ಬರೀ ಥ್ಯಾಂಕ್ಸ್ ಹೇಳಿ ಬಿಡೋದಿಲ್ಲ, ಹರಸ್ತಾರೆ. ನಮ್ಮ ಹಳ್ಳಿ ಕಡೆ ಅಜ್ಜಿಯರು "ನಿನ್ ಹೊಟ್ಟೆ ತಣ್ಣಗಿರ್ಲಪ್ಪ" ಅಂತಾರಲ್ಲ, ಹಾಗೇ. ಅಮ್ಮನಿಗೆ ಆ ದಾರಿ ಹೊಸದೇನಲ್ಲ. ಕಲಿಯಬೇಕಾದ್ದು ಎರಡು ಮಾತು.

ಮೊದಲನೇದು ನರ್ಸಿಗೆ. "ಅಲ್ಲಾ ಯಾತೀಕಿಲ್ ಆಫ್ಯಾ." ದೇವರು ನಿನಗೆ ಆರೋಗ್ಯ, ಕಸುವು ಕೊಡಲಿ ಅಂತ. ದುಡೀತಾ ಇರೋರಿಗೇ ಹೇಳೋ ಮಾತು ಇದು, ಅದಕ್ಕೇ ನರ್ಸ್‌ಗೆ ಸರಿಯಾಗಿ ಹೊಂದುತ್ತೆ. ಕೆಲಸ ಮುಗಿಯೋವರೆಗೂ ಕಾಯಬೇಕಾಗಿಲ್ಲ. ವಾರ್ಡಿಗೆ ಕಾಲಿಟ್ಟಾಗ, ಅವಳು ಟ್ರೇ ಹಿಡಿದು ಎದುರಿಗೆ ಬಂದಾಗಲೂ ಅನ್ನಬಹುದು. ಅವಳು "ಅಲ್ಲಾ ಯಾಫೀಕಿ" ಅಂತ ವಾಪಸ್ ಹರಸ್ತಾಳೆ, ಅದಕ್ಕೆ ಮತ್ತೆ ಉತ್ತರ ಬೇಕಿಲ್ಲ.

ಎರಡನೇದು ಡಾಕ್ಟರಿಗೆ. "ತಿಸ್ಲಮ್ ಈದಕ್, ಯಾ ದುಕ್ತೋರ್." ನಿಮ್ಮ ಕೈ ಕ್ಷೇಮವಾಗಿರಲಿ ಅಂತ. ನಾವು ಕೈಗುಣ ಅಂತೀವಲ್ಲ, ಅಂಥದೇ ಭಾವ. ಅಡುಗೆ ಬಡಿಸಿದವರಿಗೆ, ಬಟ್ಟೆ ಹೊಲಿದವರಿಗೆ, ಹೀಗೆ ಕೈಯಿಂದ ಏನಾದ್ರೂ ಮಾಡಿಕೊಟ್ಟೋರಿಗೆಲ್ಲ ಹೇಳ್ತಾರೆ. ಅದಕ್ಕೇ ಮಾತ್ರೆ ಬರೆದುಕೊಟ್ಟ ಡಾಕ್ಟರಿಗಿಂತ ಆಪರೇಷನ್ ಮಾಡಿದವರಿಗೆ ಇದು ಚೆಂದ. ಇದನ್ನ ಮಾತ್ರ ಕೆಲಸ ಮುಗಿದ ಮೇಲೆ ಹೇಳಬೇಕು. ಕೊನೇ ಹೊಲಿಗೆ ತೆಗೆದು, ಪಟ್ಟಿ ಅಂಟಿಸಿ, ಗ್ಲೌಸ್ ಕಳಚ್ತಾರಲ್ಲ, ಆ ಗಳಿಗೆ. ಹೊಲಿಗೆ ಬಿಚ್ಚಿದ್ದು ನರ್ಸೇ ಆದ್ರೆ ಅವಳಿಗೂ ಇದೇ ಮಾತು, ಆಗ "ತಿಸ್ಲಮ್ ಈದಿಕ್."

ಎಡವೋದು ಇಲ್ಲೇ. ಮಾತಿನ ಕೊನೆ ಕೇಳಿಸಿಕೊಳ್ಳೋರನ್ನ ನೋಡಿ ಬದಲಾಗುತ್ತೆ, ಹೇಳೋರನ್ನ ನೋಡಿ ಅಲ್ಲ. ಗಂಡಸಿಗೆ ಈದಕ್, ಹೆಂಗಸಿಗೆ ಈದಿಕ್. ಗಂಡಸಿಗೆ ಯಾತೀಕಲ್, ಹೆಂಗಸಿಗೆ ಯಾತೀಕಿಲ್. ಹುಡುಗಿಯಲ್ಲಿ 'ಗಿ' ಇದೆ, ಹೆಂಗಸಿನ ಮಾತಿಗೆ 'ಕಿ' ಅಂತ ಅಮ್ಮನಿಗೆ ನೆನಪಿಡಿಸಿ. ಒಮಾನಿನವರು ತಮ್ಮತಮ್ಮಲ್ಲಿ ಹೆಂಗಸಿಗೆ 'ಶ್' ಹಚ್ಚಿ ಯಾತೀಶ್ ಅಂತಾರೆ, ಕಿವಿಗೆ ಬಿದ್ರೆ ಗಾಬರಿ ಬೇಡ, 'ಕಿ' ಅಂದ್ರೂ ಅವರಿಗೆ ಸಲೀಸಾಗಿ ಅರ್ಥ ಆಗುತ್ತೆ.

ಇನ್ನೊಂದು, ಆಫ್ಯಾ ಅನ್ನೋದ್ರಲ್ಲಿ ಫ ಹೇಳುವಾಗ ಕೆಳತುಟಿ ಹಲ್ಲಿಗೆ ತಾಗಲಿ. ನಮ್ಮೋರು "ಆಪ್ಯಾ" ಅಂದುಬಿಡ್ತಾರೆ. ಅರಬ್ಬಿಯಲ್ಲಿ ಪ ಅನ್ನೋ ಅಕ್ಷರವೇ ಇಲ್ಲ, ಕೇಳಿದವರಿಗೆ ಏನೂ ಹೊಳೆಯಲ್ಲ. ಮೊದಲ 'ಆ' ಗಂಟಲಾಳದಿಂದ ಬರಬೇಕು, ಅದು ಬರದಿದ್ರೂ ಅಡ್ಡಿಯಿಲ್ಲ.

ಅಲ್ಲಾ ಅನ್ನೋ ಹೆಸರಿನ ಬಗ್ಗೆ: ಅರಬ್ಬಿ ಮಾತಾಡೋ ಕ್ರೈಸ್ತರೂ ದೇವರಿಗೆ ಅಲ್ಲಾ ಅಂತಲೇ ಅನ್ನೋದು. ಮೇಲಿನ ಮಾತುಗಳನ್ನ ಯಾರು ಬೇಕಾದ್ರೂ ಆಡ್ತಾರೆ.

ಕುಣಿಗಲ್‌ನಿಂದ:
ಜಝಾಕಲ್ಲಾ ಖೈರ್ ಅಂತಾರಲ್ಲ, ಅದೂ ಹಾಗೇನಾ? ನಾನು ಅದನ್ನ ಮನಸ್ಸಲ್ಲಿಟ್ಟುಕೊಂಡು ಬರೆದಿದ್ದು.

ತುಮಕೂರಿನಿಂದ:
ಅದು ಮಸೀದಿ ಕಡೆಯ ವಾಸನೆ ಇರೋ ಮಾತು, ನೀವು ಅಂದಿದ್ದರಲ್ಲಿ ಅಷ್ಟು ನಿಜ. ಕುಂಕುಮ ಇಟ್ಟ ಅಜ್ಜಿ ಹೇಳಿದ್ರೆ ಅವರು ಖುಷಿಪಡ್ತಾರೇ ಹೊರತು ಬೇಜಾರಾಗಲ್ಲ ಅಂತ ನನ್ನ ಅಭಿಪ್ರಾಯ. ಆದ್ರೆ ಈಜಿಪ್ಟಿನಲ್ಲಿ ಕಾಪ್ಟಿಕ್ ಕ್ರೈಸ್ತರೂ ಇದ್ದಾರೆ, ಆ ಡಾಕ್ಟರ್ ಯಾರು ಅಂತ ನಮಗೆ ಗೊತ್ತಿಲ್ಲ. ಈದಕ್ ಅಂದ್ರೆ ಆ ಪ್ರಶ್ನೆಯೇ ಬರಲ್ಲ.

ಶ್ರೀನಿವಾಸಪುರದಿಂದ:
ಅಣ್ಣಾ, ಯಾತೀಕಲ್ ಆಫ್ಯಾ ಎಲ್ಲಾ ಕಡೆ ನಡೆಯುತ್ತೆ ಅಂತ ಓದೋರು ತಿಳ್ಕೋಬಾರದು. ಮೊರಾಕ್ಕೋದಲ್ಲಿ ಆಫ್ಯಾ ಅಂದ್ರೆ ಬೆಂಕಿ! ಕಾಸಾಬ್ಲಾಂಕಾದಲ್ಲಿ ಅದೇ ಮಾತು ಹೇಳಿದ್ರೆ ದೇವರು ನಿನಗೆ ಬೆಂಕಿ ಕೊಡಲಿ ಅಂದ ಹಾಗೆ ಕೇಳಿಸುತ್ತೆ. ಟಿವಿ ಧಾರಾವಾಹಿ ನೋಡಿ ಅವರಿಗೂ ಪೂರ್ವದ ಕಡೆಯ ಅರ್ಥ ಗೊತ್ತಿರುತ್ತೆ, ಆದ್ರೂ ಮೊದಲು ಮುಖ ಬದಲಾಗುತ್ತೆ. ಅಲ್ಲಿ "ಅಲ್ಲಾ ಯರ್ಹಮ್ ಲ್‌ವಾಲಿದೀನ್" ಅಂತಾರೆ, ನಿಮ್ಮ ಹೆತ್ತವರ ಮೇಲೆ ದೇವರ ಕರುಣೆ ಇರಲಿ ಅಂತ. ಹೆತ್ತವರು ಬದುಕಿದ್ರೂ ಹೇಳಬಹುದು. ಬೇರೆ ಅರಬ್ ದೇಶಗಳಲ್ಲಿ ಯರ್ಹಮ್ ಅಂದ್ರೆ ತೀರಿಕೊಂಡವರ ನೆನಪು ಬರುತ್ತೆ, ಹಾಗಾಗಿ ಮಸ್ಕತ್‌ನಲ್ಲಿ ಇದು ಬೇಡ.

ಶಿರಾದಿಂದ:
ನಮ್ಮ ಹುಡುಗ ಫ್ರಾನ್ಸಿನ ಲಿಯೋನ್‌ನಲ್ಲಿ ಓದ್ತಿದ್ದಾನೆ. ಅಪೆಂಡಿಕ್ಸ್ ಆಪರೇಷನ್ ಆಗಿ ನಾಳೆ ಡಿಸ್ಚಾರ್ಜು. ಅವನಿಗೂ ಇದನ್ನೇ ಕಳಿಸಲಾ? ದೇವರು ಚೆನ್ನಾಗಿಟ್ಟಿರಲಿ ಅಂತ ಫ್ರೆಂಚಲ್ಲಿ ಹೇಗೆ ಹೇಳೋದು?

ಮಾಲೂರಿನಿಂದ:
ಬೇಡ ಸಾರ್. ಫ್ರಾನ್ಸಿನ ಸರ್ಕಾರಿ ಆಸ್ಪತ್ರೆಯಲ್ಲಿ ದೇವರ ಹೆಸರಿನ ಹಾರೈಕೆ ಅಸಹಜ ಅನಿಸುತ್ತೆ. ಅಲ್ಲಿ ಏನಕ್ಕೆ ಥ್ಯಾಂಕ್ಸ್ ಅಂತ ಬಿಡಿಸಿ ಹೇಳಬೇಕು. "ಮೆರ್ಸಿ ಬೋಕೂ, ಮದಾಮ್, ಪೂರ್ ವೋ ಸ್ವಾಂ." ನಿಮ್ಮ ಆರೈಕೆಗೆ ತುಂಬ ಧನ್ಯವಾದ ಅಂತ. ಡಾಕ್ಟರಿಗೆ ಮದಾಮ್ ಬದಲು ದೋಕ್ತರ್. ಬೋಕೂ ಕೊನೆಗೆ ನಮ್ಮ ಕೋಗಿಲೆ ಕೂ ಅಂದಷ್ಟೇ ಸಾಕು. ಫ್ರೆಂಚ್ ಥರಾ ಮಾಡ್ತೀನಿ ಅಂತ ತುಟಿ ಚೂಪು ಮಾಡಿ 'ಕ್ಯೂ' ಅಂದ್ರೆ ಅಶ್ಲೀಲ ಮಾತಾಗುತ್ತೆ.

ಮೆರ್ಸಿ ಬಿಯಾಂ ಅಂತ ಇನ್ನೊಂದಿದೆ, ಅದನ್ನ ಬಿಡಿ. ಹೇಳೋ ಧಾಟಿ ಸ್ವಲ್ಪ ತಪ್ಪಿದ್ರೆ 'ಆಯ್ತು, ಸಾಕು' ಅಂದ ಹಾಗಿರುತ್ತೆ. ನರ್ಸ್ ತನ್ನ ವಯಸ್ಸಿನವಳೇ ಅಂತ ಏಕವಚನದ ತ್ಯೂ ಬಳಸೋದು ಬೇಡ, ವೂ ಅನ್ನಲಿ, ಅದು ನಮ್ಮ 'ನೀವು'.

ಹಾರೈಕೆಯ ಜಾಗದಲ್ಲಿ ಅವರಿಗೆ ಒಂದು ಮಾತಿದೆ, "ಬೋಂ ಕುರಾಜ್". ನಾನು ಮನೆಗೆ ಹೊರಟೆ, ನಿಮಗಿನ್ನೂ ಪಾಳಿ ಬಾಕಿಯಿದೆ, ಕಷ್ಟದ ಕೆಲಸ, ಗಟ್ಟಿಯಾಗಿರಿ ಅನ್ನೋ ಭಾವ. ಹೊರಡೋವಾಗ ನರ್ಸ್‌ಗಳು ಕೂತಿರೋ ಕಡೆ ನಿಂತು ಹೇಳಿದ್ರೆ ಚೆನ್ನಾಗಿರುತ್ತೆ. ಮೈ ಒರೆಸಿ, ಹಾಸಿಗೆ ಬದಲಿಸೋರು ನರ್ಸ್ ಅಲ್ಲ, ಏಡ್ ಸ್ವಾನ್ಯಾಂತ್ ಅಂತ ಬೇರೆ. ಅವರನ್ನ ಮರೆಯೋದೇ ಹೆಚ್ಚು. "ಮೆರ್ಸಿ ಆ ತೂತ್ ಲೇಕೀಪ್" ಅಂದ್ರೆ ಇಡೀ ತಂಡಕ್ಕೆ ಅಂತಾಗಿ ಅವರೂ ಸೇರ್ತಾರೆ. ಕೈಗೆ ದುಡ್ಡು ತುರುಕೋದು ಬೇಡವೇ ಬೇಡ, ಅಲ್ಲಿನ ಆಸ್ಪತ್ರೆಗಳಲ್ಲಿ ಅದಕ್ಕೆ ನಿಷೇಧ ಇದೆ. ಒಂದು ಚಾಕೊಲೇಟ್ ಡಬ್ಬಿ ತಂಡಕ್ಕೆ ಅಂತ ಇಟ್ಟು ಬರಬಹುದು.

ಒಂದು ಎಚ್ಚರ, ಇದು ಎರಡು ಭಾಷೆಗೂ ಸೇರುತ್ತೆ. ಏನಾದ್ರೂ ಬೇಕಾ ಅಂತ ಕೇಳಿದಾಗ ಬರೀ ಮೆರ್ಸಿ ಅಥವಾ ಬರೀ ಶುಕ್ರನ್ ಅಂದ್ರೆ 'ಬೇಡ' ಅಂತ ತಿಳೀತಾರೆ. ನೋವಿನ ಮಾತ್ರೆ ತಂದೋರು ನಗ್ತಾ ವಾಪಸ್ ತಗೊಂಡು ಹೋಗ್ತಾರೆ. ಬೇಕಿದ್ರೆ ಫ್ರೆಂಚಲ್ಲಿ ಮೊದಲು "ವಿ", ಅರಬ್ಬಿಯಲ್ಲಿ ಮೊದಲು "ಐವಾ", ಆಮೇಲೆ ಥ್ಯಾಂಕ್ಸ್.

ಚಿಂತಾಮಣಿಯಿಂದ:
ಅಯ್ಯೋ, ಅಮ್ಮ ಅಲ್ಲಿ ಎಲ್ಲದಕ್ಕೂ ಶುಕ್ರನ್ ಅಂದು ಚಹಾ ಸಿಗಲಿಲ್ಲ ಅಂತಿದ್ರು! ಈಗ ಗೊತ್ತಾಯ್ತು. ಇನ್ನೊಂದು, ಡಾಕ್ಟರ್ ನೋಡೋಕೆ ಬಂದಾಗಲೆಲ್ಲ "ಹಮ್ದಿಲ್ಲಾ... ಸಲಾಮ್ತಿಕ್" ಅಂತ ಏನೋ ಅಂತಾರಂತೆ. ಅಮ್ಮ ಸುಮ್ನೆ ತಲೆಯಾಡಿಸ್ತಾರೆ. ಕಾರ್ಡ್ ಒಂದು ಪ್ರಿಂಟ್ ಹಾಕಿಸಿ ಅಕ್ಕನಿಗೆ ಕಳಿಸೋಣ ಅಂತಲೂ ಇದೆ.

ತುಮಕೂರಿನಿಂದ:
"ಹಮ್ದಿಲ್ಲಾ ಅಲಾ ಸಲಾಮ್ತಿಕ್." ನೀವು ಕ್ಷೇಮವಾಗಿ ಪಾರಾಗಿದ್ದಕ್ಕೆ ದೇವರಿಗೆ ಸ್ತುತಿ ಅಂತ. ಇದಕ್ಕೆ ಉತ್ತರ ಕೊಡಲೇಬೇಕು, ಕೊಡದಿದ್ರೆ ಮಾತು ಅರ್ಧಕ್ಕೆ ನಿಂತ ಹಾಗೆ. ಡಾಕ್ಟರಿಗೆ "ಅಲ್ಲಾ ಯಿಸಲ್ಲಿಮಕ್", ನರ್ಸಿಗೆ "ಅಲ್ಲಾ ಯಿಸಲ್ಲಿಮಿಕ್". ಲ್ಲಿ ಒತ್ತಿ ಹೇಳಲಿ. ಅಮ್ಮ ಒಂದೇ ಒಂದು ಮಾತು ಕಲೀತಾರೆ ಅಂದ್ರೆ ನಾನು ಇದನ್ನೇ ಕಲಿಸ್ತೀನಿ, ಯಾಕಂದ್ರೆ ಗುರುವಾರ ಅವರೇ ಮೊದಲು ಇದನ್ನ ಅನ್ನೋದು.

ಕಾರ್ಡಿನ ವಿಷಯ ಹುಷಾರು. ನಮ್ಮ ಕಡೆ ಡಿಟಿಪಿ ಅಂಗಡಿಗಳ ಹಳೇ ಸಾಫ್ಟ್‌ವೇರ್‌ಗೆ ಅರಬ್ಬಿ ಹಾಕಿದ್ರೆ ಅಕ್ಷರ ಬಿಡಿಬಿಡಿಯಾಗಿ, ಎಡಬಲ ತಿರುಗುಮುರುಗಾಗಿ ಬೀಳ್ತವೆ. ಓದೋಕೆ ಬರದೇನೂ ಕಂಡುಹಿಡೀಬಹುದು. ಶುಕ್ರನ್ ಪದದಲ್ಲಿ ನಾಲ್ಕು ಅಕ್ಷರ. ಬಲದಿಂದ ಮೊದಲ ಮೂರು ಒಂದಕ್ಕೊಂದು ಅಂಟಿಕೊಂಡಿರಬೇಕು, ನೆಟ್ಟಗಿನ ಕೋಲಿನಂಥ ಕೊನೇ ಅಕ್ಷರ ಎಡತುದಿಯಲ್ಲಿ ಒಂಟಿಯಾಗಿ ನಿಂತಿರಬೇಕು. ಆ ಕೋಲು ಬಲತುದಿಗೆ ಬಂದಿದ್ರೆ ಅಥವಾ ನಾಲ್ಕೂ ಬಿಡಿಯಾಗಿದ್ರೆ ಕೆಟ್ಟಿದೆ ಅಂತ. ಅದರ ಬದಲು ಅಕ್ಕ ಮಸ್ಕತ್‌ನಲ್ಲೇ ಸ್ಟೇಷನರಿ ಅಂಗಡಿಯಲ್ಲಿ ಬರೆಸಲಿ, ಕೆಳಗೆ ಅಮ್ಮ ಕನ್ನಡದಲ್ಲಿ ಸಹಿ ಹಾಕಲಿ.

ಗೌರಿಬಿದನೂರಿನಿಂದ:
ಡಾಕ್ಟರ್ ಕೈ ಹಿಡಿದುಕೊಂಡು ಹೇಳಬಹುದಾ? ನಮ್ಮ ಕಡೆ ಅಜ್ಜಿಯರು ಕೈ ಹಿಡೀದೆ ಮಾತೇ ಆಡಲ್ಲ.

ಶ್ರೀನಿವಾಸಪುರದಿಂದ:
ಗಂಡಸು ತಾನಾಗಿ ಕೈ ಚಾಚೋವರೆಗೂ ಬೇಡ. ಬಲಗೈ ಎದೆ ಮೇಲಿಟ್ಟು ಸ್ವಲ್ಪ ತಲೆ ಬಾಗಿಸಿದ್ರೆ ಸಾಕು. ನರ್ಸ್ ಹೆಣ್ಣುಮಗಳು, ಅವಳ ಕೈ ಹಿಡೀಬಹುದು. ಎಷ್ಟು ಚೆನ್ನಾಗಿದ್ದೀಯ ಅಂತ ಹೊಗಳೋದಾದ್ರೆ ಜೊತೆಗೆ "ಮಾಶಾಲ್ಲಾ" ಸೇರಿಸಲಿ, ಅವರಿಗೂ ದೃಷ್ಟಿಯ ಭಯ ಇದೆ.

ತುಮಕೂರಿನಿಂದ:
ವಯಸ್ಸಾದವರಿಗೆ ಇಷ್ಟು ಕಟ್ಟು ಬೇಕಿಲ್ಲ ಅನ್ನೋದು ನನ್ನ ಅನಿಸಿಕೆ. ಅಮ್ಮನ ವಯಸ್ಸಿನವರು ಕೈ ಜೋಡಿಸಿ ನಮಸ್ಕಾರ ಮಾಡಿದ್ರೂ ಅಲ್ಲಿ ಯಾರಿಗೂ ಹೊಸದಲ್ಲ, ಮಸ್ಕತ್‌ನಲ್ಲಿ ಗುಜರಾತಿ ವ್ಯಾಪಾರಿಗಳು ತಲೆತಲಾಂತರದಿಂದ ಇದ್ದಾರೆ.

ಶ್ರೀನಿವಾಸಪುರದಿಂದ:
ನಮಸ್ಕಾರಕ್ಕೆ ನನ್ನ ತಕರಾರಿಲ್ಲ, ಗಂಡಸಿನ ಕೈ ಮುಟ್ಟೋದು ಮಾತ್ರ ಬೇಡ ಅಂತ ಇನ್ನೂ ಅಂತೀನಿ.

ಚಿಂತಾಮಣಿಯಿಂದ:
ಅಕ್ಕ ಫೋನ್ ಸ್ಪೀಕರಿಗೆ ಹಾಕಿದ್ರು, ಅಮ್ಮನ ಕೈಲಿ ಹೇಳಿಸಿದ್ವಿ. ಈದಕ್ ಚೆನ್ನಾಗಿ ಬಂತು. ಯಿಸಲ್ಲಿಮಕ್ ಇನ್ನೂ "ಸಲಿಮಕ್" ಆಗ್ತಿದೆ, ಗುರುವಾರಕ್ಕೆ ಮೂರು ದಿನ ಇದೆ.