ಅಪ್‌ಡೇಟ್: ಬೇಲಿ ಹಾಕಿದ ಹೊಲದ ದಾರಿ

ನಾನು ಕೇಳಿದ್ದು: "ನಮ್ಮ ಹೊಲಕ್ಕೆ ಬೇರೆ ದಾರಿಯೇ ಇಲ್ಲ. ಮುಂದಿನ ಹೊಲ ಕೊಂಡವರು ಬೇಲಿ ಹಾಕಿದ್ದಾರೆ. ಏನು ಮಾಡಲಿ?"

ಗ್ರಾಮ ನಕಾಶೆಯಲ್ಲಿ ಆ ದಾರಿ ಇಲ್ಲ. ಹಾಗಾಗಿ ಸಿವಿಲ್ ಕೋರ್ಟಿಗೇ ಹೋದೆವು. 20 ವರ್ಷ ಓಡಾಡಿದ್ದರಿಂದ ದಾರಿಯ ಹಕ್ಕು ಬಂದಿದೆ ಅಂತ ಸಾಕ್ಷಿಗಳಿಂದ ಹೇಳಿಸಬಹುದಿತ್ತು. ಆದರೆ ಎದುರಿನವರು "ನಾವೇ ಸುಮ್ನೆ ಬಿಟ್ಟಿದ್ವಿ" ಅಂದು, ಅನುಮತಿಯ ಓಡಾಟ ಅಂತ ತೋರಿಸಿದರೆ ಆ ವಾದ ಬಿದ್ದುಹೋಗುತ್ತದೆ. ಅದಕ್ಕೇ ವಕೀಲರು ಅಜ್ಜನ ಕಾಲದ ವಿಭಾಗ ಪತ್ರವನ್ನು ಮುಂದಿಟ್ಟರು. ಎರಡೂ ಹೊಲ ಮೊದಲು ಒಂದೇ ಸರ್ವೆ ನಂಬರು, ಒಬ್ಬರದೇ ಆಸ್ತಿ. ಪಾಲಾದ ದಿನವೇ ನಮ್ಮ ತುಂಡು ಒಳಗೆ ಸಿಕ್ಕಿಕೊಂಡಿತ್ತು. ಇಷ್ಟು ಸಾಬೀತಾದರೆ, ಬೇರೆ ದಾರಿಯೇ ಇಲ್ಲದ ಹೊಲಕ್ಕೆ ಸಿಗುವ ಅಗತ್ಯದ ದಾರಿ ಹಕ್ಕಿಗೆ ವರ್ಷಗಳ ಲೆಕ್ಕ ಬೇಡ.

ಕೋರ್ಟ್ ಕಮಿಷನರ್ ಬಂದು ಬೇಲಿಯಡಿಯ ಗಾಡಿ ಜಾಡನ್ನೂ ನಕ್ಷೆಯಲ್ಲಿ ಗುರುತಿಸಿದರು. ಸದ್ಯ ಮಧ್ಯಂತರ ಆದೇಶದಿಂದ ಟ್ರ್ಯಾಕ್ಟರ್ ಹೋಗುತ್ತಿದೆ. ಆದರೆ ಮುಂದೆ ನಮಗೆ ಬೇರೆ ದಾರಿ ಸಿಕ್ಕರೆ ಈ ಹಕ್ಕು ಮುಗಿಯುತ್ತದೆ.