ಮೀಜ್ ಆನ್ ಪ್ಲಾಸ್ ಅಂದ್ರ ಬಟ್ಟಲಾ ಹರವೂದಲ್ಲ

“ಅಕ್ಕಾ, ಆ ಶೆಫ್ ವಿಡಿಯೋದಾಗ ಅಡಗಿ ಶುರು ಮಾಡೂಕಿಂತ ಮೊದಲ ‘ಮೀಜ್ ಆನ್ ಪ್ಲಾಸ್ ರೆಡಿ’ ಅಂತಾರಲ್ಲ, ಅದು ಏನು? ಅಷ್ಟೆಲ್ಲಾ ಬಟ್ಟಲಾ ಇಟ್ಟಕೊಂಡ್ರ ಮನ್ಯಾಗ ಟೈಮ್ ಉಳಿತೈತೋ, ಭಾಂಡಿ ತೊಳಿಯೂದು ಹೆಚ್ಚಾಗತೈತೋ?”

ಅದು ಫ್ರೆಂಚ್ ಮಾತು ತಂಗಿ. ‘ಜಾಗಾದಾಗ ಇಡೂದು’ ಅಂತ ಅರ್ಥ. ಹೋಟೆಲ್ ಅಡಗಿಮನ್ಯಾಗ ಗಿರಾಕಿ ಬರೂಕಿಂತ ಮೊದಲ ಹೆಚ್ಚೂದು, ಅಳಿಯೂದು, ರುಬ್ಬೂದು ಎಲ್ಲಾ ಮುಗಿಸಿ ಕೈಗೆ ಸಿಗೂ ಹಂಗ ಇಟ್ಟಕೊಂಡಿರತಾರ. ಆರ್ಡರ್ ಬಂದ ಮ್ಯಾಲ ಉಳಿಯೂದು ಬರೇ ಬೆಂಕಿ ಕೆಲಸ. ನಮ್ಮ ಗಿರ್ಮಿಟ್ ಗಾಡಿ ನೆನಪ ಮಾಡ್ಕೋ. ಗೊಜ್ಜು ಒಂದು ಪಾತೇಲಿದಾಗ, ಪುಟಾಣಿ ಹಿಟ್ಟು ಡಬ್ಬಿದಾಗ, ಹೆಚ್ಚಿದ ಉಳ್ಳಾಗಡ್ಡಿ ಒಂದು ಕಡೆ, ಚುರುಮುರಿ ಚೀಲ ಬಾಜೂಕ. ನೀ ಕೇಳಿ ಒಂದು ನಿಮಿಷದಾಗ ನಿನ್ನ ಕೈಯಾಗ ಪೊಟ್ಟಣ ಬರತೈತಿ. ಅದ ಮೀಜ್ ಆನ್ ಪ್ಲಾಸ್.

ಇನ್ನ ಟೈಮ್ ಹೆಂಗ ಉಳಿತೈತಿ ಅನ್ನೂದು. ಉಳ್ಳಾಗಡ್ಡಿ ಮೊದಲ ಹೆಚ್ಚಿದ್ರೂ ಆಮ್ಯಾಲ ಹೆಚ್ಚಿದ್ರೂ ಹಿಡಿಯೂ ಹೊತ್ತು ಅಷ್ಟ. ಉಳಿಯೂದು ಬ್ಯಾರೆ ಕಡೆ. ಸುಸಲಾನ ತಗೊಂಡು ಹೇಳತೇನಿ, ಎಲ್ಲಾರ ಮನ್ಯಾಗೂ ಮಾಡೂದು.

ಕಾದ ಎಣ್ಣಿಗೆ ಸಾಸಿವಿ ಬಿತ್ತು ಅನ್ನು. ಅದು ಚಟಪಟ ಅಂದು ನಿಲ್ಲೂದರಾಗ ಜೀರಗಿ ಹಾಕಬೇಕು. ಜೀರಗಿ ಬಿದ್ದ ಮ್ಯಾಲ ಕರ್ರಗ ಆಗೂಕ 10-15 ಸೆಕೆಂಡ್ ಸಾಕು. ಅಷ್ಟರಾಗ ಕರಿಬೇವು, ಮೆಣಸಿನಕಾಯಿ, ಹಿಂದ ಉಳ್ಳಾಗಡ್ಡಿ ಬೀಳಬೇಕು. ಆದ್ರ ಒಂದು ಉಳ್ಳಾಗಡ್ಡಿ ಸುಲಿದು ಹೆಚ್ಚೂಕ 2 ನಿಮಿಷ ಬೇಕು. ಈ 15 ಸೆಕೆಂಡಿಗೂ ಆ 2 ನಿಮಿಷಕ್ಕೂ ಹೊಂದಾಣಿಕಿ ಇಲ್ಲ, ತೊಂದರೆ ಶುರು ಆಗೂದ ಅಲ್ಲೆ. ಗ್ಯಾಸ್ ಬಂದ್ ಮಾಡಿದ್ರ ಎಣ್ಣಿ ಆರತೈತಿ, ತಿರುಗಿ ಹಚ್ಚಿದ್ರ ಸಾಸಿವಿ ಸೀಯತೈತಿ. ಸೀದ ಒಗ್ಗರಣಿ ಚೆಲ್ಲಿ ಬುಟ್ಟಿ ತೊಳದು ಮತ್ತ ಶುರು ಮಾಡಿದ್ರ 5-6 ನಿಮಿಷ ಹೋತು, ಎಣ್ಣಿನೂ ಹೋತು. ಚೆಲ್ಲದ ಹಂಗ ಮುಂದ ನಡಸಿದ್ರ ಕಹಿ ಕಡೀತನಕ ಉಳಿತೈತಿ, ಲಿಂಬಿಹಣ್ಣು ಹಿಂಡಿದ್ರೂ ಹೋಗಂಗಿಲ್ಲ.

4 ಮಂದಿಗೆ ಹಿಂಗ ತಯಾರಿ ಮಾಡ್ಕೋ. ಚುರುಮುರಿ 8 ವಾಟಿ, ಉಳ್ಳಾಗಡ್ಡಿ 2, ಟೊಮೆಟೊ 1, ಹಸಿಮೆಣಸಿನಕಾಯಿ 5-6, ಕರಿಬೇವು ಒಂದೆರಡು ಎಸಳು, ಶೇಂಗಾ ಒಂದು ಮುಟಗಿ, ಪುಟಾಣಿ ಹಿಟ್ಟು 4 ದೊಡ್ಡ ಚಮಚಾ, ಎಣ್ಣಿನೂ ಅಷ್ಟ, ಅರ್ಧ ಲಿಂಬಿಹಣ್ಣು, ಒಂದೀಟು ಕೊತ್ತಂಬರಿ. ಚುರುಮುರಿಗೆ ಉಪ್ಪು ಹಾಕೇ ಹುರಿದಿರತಾರ, ಹಂಗಂತ ಮ್ಯಾಲಿನ ಉಪ್ಪು ಕೈ ಹಿಡದು ಹಾಕು.

ಹೆಚ್ಚೂದಕ್ಕೂ ಒಂದು ಸಾಲು ಐತಿ. ಒಣಾದು ಮೊದಲ, ರಸಾ ಬಿಡೂದು ಕಡೀಕ. ಕೊತ್ತಂಬರಿ, ಮೆಣಸಿನಕಾಯಿ, ಉಳ್ಳಾಗಡ್ಡಿ, ಆಮ್ಯಾಲ ಟೊಮೆಟೊ. ಹಿಂಗಾದ್ರ ಮಣಿ, ಚಾಕು ನಡು ನಡುವ ತೊಳಿಯೂ ಕೆಲಸ ಇಲ್ಲ, ಕಡೀಕ ಒಂದ ಸಲ ತೊಳದ್ರ ಆತು. ಟೊಮೆಟೊ ಮೊದಲ ಹೆಚ್ಚಿದ್ರ ಆ ರಸಕ್ಕ ಕೊತ್ತಂಬರಿ ಹತ್ತಿ ಮುದ್ದಿ ಆಗತೈತಿ. ಕರಿಬೇವು, ಮೆಣಸಿನಕಾಯಿ ತೊಳದ ಮ್ಯಾಲ ಅರಿವಿಲೆ ಒರಸೂದು ಬಿಡಬ್ಯಾಡ. ನೀರು ಇದ್ರ ಎಣ್ಣಿ ಮಾರಿಗೆ ಸಿಡಿತೈತಿ.

ಈಗ ಭಾಂಡಿ ಮಾತು. ವಿಡಿಯೋದಾಗ ಒಂದೊಂದಕ್ಕ ಒಂದೊಂದು ಗಾಜಿನ ಬಟ್ಟಲಾ ಇಡೂದು ಕ್ಯಾಮೆರಾಕ್ಕ ಕಾಣಲಿ ಅಂತ. ನಮಗ ಅದು ಬ್ಯಾಡ. ಎಣ್ಣಿಗೆ ಒಮ್ಮೆಲೆ ಬೀಳೂವು ಒಂದ ಕಡೆ ಇರಲಿ, ಇಷ್ಟ ಲೆಕ್ಕ. ಒಂದು ದೊಡ್ಡ ತಾಟಿನ್ಯಾಗ ಎಡಗಡೆ ಕರಿಬೇವು-ಮೆಣಸಿನಕಾಯಿ ಕೂಡಿಸಿ ಒಂದು ಗುಡ್ಡಿ, ಅದರ ಬಾಜೂಕ ಉಳ್ಳಾಗಡ್ಡಿ, ಆಮ್ಯಾಲ ಟೊಮೆಟೊ, ಅಂಚಿಗೆ ಕೊತ್ತಂಬರಿ. ಒಂದು ವಾಟಿದಾಗ ಅರಿಷಿಣ ಕಾಲು ಚಮಚಾ, ಉಪ್ಪು, ಅರ್ಧ ಚಮಚಾ ಸಕ್ಕರಿ ಮೂರೂ ಕೂಡಿಸಿ. ಇನ್ನೊಂದರಾಗ ಪುಟಾಣಿ ಹಿಟ್ಟು. ಮತ್ತೊಂದರಾಗ ಶೇಂಗಾ. ಸಾಸಿವಿ, ಜೀರಗಿಗೆ ವಾಟಿ ಯಾಕ ಬೇಕು, ಒಗ್ಗರಣಿ ಡಬ್ಬಿ ಮುಚ್ಚಳ ತಗದು ಒಲಿ ಬಾಜೂಕ ಇಡು. ಒಂದು ತಾಟು, 3 ವಾಟಿ, ಮುಗೀತು.

ಮಂದಿ ಮರಿಯೂದು ಯಾವುದಪಾ ಅಂದ್ರ ಖಾಲಿ ಭಾಂಡಿ. ಚುರುಮುರಿ ತೊಯ್ಸೂಕ ಅಗಲ ಬುಟ್ಟಿದಾಗ ನೀರು ತುಂಬಿ ಇಟ್ಟಿರಬೇಕು, ಬಾಜೂಕ ತೂತಿನ ಜರಡಿ. ಆದ್ರ ತೊಯ್ಸಬಾರದು! ಮುಂಚೆ ತೊಯ್ಸಿ ಹಿಂಡಿ ಇಟ್ರ 10 ನಿಮಿಷದಾಗ ಗಂಟ ಗಂಟ ಆಗಿ ಹಿಟ್ಟಿನ ಮುದ್ದಿ ಆಗತೈತಿ. ಮೀಜ್ ಆನ್ ಪ್ಲಾಸ್ ಅಂದ್ರ ಎಲ್ಲಾ ಕೆಲಸ ಮೊದಲ ಮಾಡಿ ಮುಗಿಸೂದಲ್ಲ, ಮಾಡೂ ಹೊತ್ತಿಗೆ ತಡಾ ಆಗದ ಹಂಗ ಜೋಡಸೂದು. ಉಳ್ಳಾಗಡ್ಡಿಗೂ ಹಂಗ, ಹೆಚ್ಚಿಟ್ಟದ್ದರ ಮ್ಯಾಲ ಮೊದಲ ಉಪ್ಪು ಉದುರಿಸಿದ್ರ ನೀರು ಬಿಟ್ಟು ಎಣ್ಣಿದಾಗ ಹುರಿಯೂದು ಬಿಟ್ಟು ಕುದಿಯೂಕ ಹತ್ತತೈತಿ.

ಒಲಿ ಹಚ್ಚೂಕಿಂತ ಮೊದಲ ಒಮ್ಮೆ ಬೆರಳು ಮಾಡಿ ಎಡದಿಂದ ಬಲಕ್ಕ ಹೇಳ್ಕೊಂತ ಹೋಗು: ಶೇಂಗಾ, ಸಾಸಿವಿ, ಜೀರಗಿ, ಕರಿಬೇವು… ಯಾವುದು ಇಲ್ಲ ಅಂತ ಅಲ್ಲೇ ಗೊತ್ತಾಗತೈತಿ. ಈಗ ಹಚ್ಚು. ಎಣ್ಣಿದಾಗ ಮೊದಲ ಶೇಂಗಾ, ನಡುವಿನ ಉರಿ ಇರಲಿ. ಸಿಪ್ಪಿ ಬಿರದು ಬಣ್ಣ ತಿರುಗಿತು ಅಂದ್ರ ಅದ ವಾಟಿಗೆ ತಗದು ಹಾಕು. ಸಾಸಿವಿ ಜೋಡಿ ಶೇಂಗಾ ಹಾಕಿದ್ರ ಶೇಂಗಾ ಹುರಿಯೂದರಾಗ ಸಾಸಿವಿ ಸೀದಿರತೈತಿ. ಆಮ್ಯಾಲ ಸಾಸಿವಿ, ಜೀರಗಿ, ಎಡಗಡೆ ಗುಡ್ಡಿ, ಉಳ್ಳಾಗಡ್ಡಿ, ಅದರ ಹಿಂದ ಅರಿಷಿಣ-ಉಪ್ಪಿನ ವಾಟಿ. ಬರೇ ಎಣ್ಣಿಗೆ ಅರಿಷಿಣ ಹಾಕಿದ್ರ ಸುಡತೈತಿ, ಉಳ್ಳಾಗಡ್ಡಿ ಮ್ಯಾಲ ಬಿದ್ರ ಅದರ ತೇವಕ್ಕ ತಡಿತೈತಿ. ಉಳ್ಳಾಗಡ್ಡಿ ಮೆತ್ತಗಾಗೂಕ 4 ನಿಮಿಷ, ಟೊಮೆಟೊಕ್ಕ ಇನ್ನ 2. ಆವಾಗ ಉರಿ ಸಣ್ಣ ಮಾಡಿ ಚುರುಮುರಿ ನೀರಾಗ ಒತ್ತಿ, ಮೆತ್ತಗಾದ ಕೂಡಲೆ ಜರಡಿಗೆ ಸುರುವಿ ಮುಟಗಿ ಮುಟಗಿ ಹಿಂಡಿ ಹಾಕು. ಮ್ಯಾಲ ಪುಟಾಣಿ ಹಿಟ್ಟು, ಶೇಂಗಾ, ಕೈ ಆಡಿಸಿ ಗ್ಯಾಸ್ ಬಂದ್. ಲಿಂಬಿಹಣ್ಣು, ಕೊತ್ತಂಬರಿ ಬಂದ್ ಮಾಡಿದ ಮ್ಯಾಲ.

ಆ 4 ನಿಮಿಷ ನಿನ್ನ ಕೈಯಾಗ ಖಾಲಿ ಇರತಾವ, ನೋಡು. ಮಣಿ, ಚಾಕು ತೊಳಿಯೂದು ಆವಾಗ. ಅವಸರ ಇದ್ದ ದಿನ ಟೊಮೆಟೊ, ಕೊತ್ತಂಬರಿ ಹೆಚ್ಚೂದೂ ಆ ಹೊತ್ತಿಗೆ ಇಟ್ಟಕೊಂಡ್ರ ನಡಿತೈತಿ. ಆದ್ರ ಉಳ್ಳಾಗಡ್ಡಿತನಕ ಬೀಳೂದು ಯಾವುದನ್ನೂ ಮುಂದಕ್ಕ ದೂಡಬ್ಯಾಡ. ಬ್ಯಾಳಿ ಸಾರಿಗೆ ಲೆಕ್ಕ ಬ್ಯಾರೆ: ಮೊದಲ ಬ್ಯಾಳಿ ತೊಳದು ಕುಕ್ಕರ್ ಏರಿಸು, ಸೀಟಿ ಹೊಡಿಯೂದರಾಗ ಒಗ್ಗರಣಿ ತಯಾರಿ ಮಾಡ್ಕೋ. ಅಲ್ಲೆ ಎಲ್ಲಾ ಹೆಚ್ಚಿಟ್ಟು ಆಮ್ಯಾಲ ಕುಕ್ಕರ್ ಇಟ್ರ ಸುಮ್ಮನ ಕಾಲು ತಾಸು ಕಾಯಬೇಕಾಗತೈತಿ.

ಇನ್ನೊಂದು, ವಿಡಿಯೋದಾಗ ‘10 ನಿಮಿಷದ ರೆಸಿಪಿ’ ಅಂತಾರಲ್ಲ, ಆ 10 ನಿಮಿಷ ಎಣಸೂದು ಬಹಳ ಸಲ ಹೆಚ್ಚಿದ ಉಳ್ಳಾಗಡ್ಡಿ ಬಟ್ಟಲಾದಾಗ ಇದ್ದ ಮ್ಯಾಲ. ಈ ಸುಸಲಾಕ್ಕ ನೀ ಹೆಚ್ಚೂದಕ್ಕ ಇನ್ನೊಂದು 10 ನಿಮಿಷ ಕೂಡಿಸಿ ಒಟ್ಟ 20 ಹಿಡಿ.