ಓದುಗರ ಸ್ಪಂದನ: ಎಲ್ಲಾ ಕೆಲ್ಸ ಬರುತ್ತೆ, ಬಯೋದಲ್ಲಿ ಏನಂತ ಬರೀಲಿ?

ಕಳೆದ ವಾರದ ಸಮಸ್ಯೆ: 12 ವರ್ಷದಿಂದ ಸಣ್ಣ ಉದ್ಯಮಗಳಿಗೆ ಕನ್ಸಲ್ಟೆಂಟ್ ಆಗಿದೀನಿ. ಜಿಎಸ್‌ಟಿ, ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್, ಫುಡ್ ಲೈಸೆನ್ಸ್ ಎಲ್ಲಾ ಮಾಡ್ತೀನಿ, ಬಯೋದಲ್ಲೂ ಅದನ್ನೇ ಬರೆದಿದೀನಿ. ಬರೋ ಫೋನೆಲ್ಲಾ "ಎಷ್ಟಕ್ಕೆ ಮಾಡ್ಕೊಡ್ತೀರಾ" ಅಂತಾನೇ. ಏನ್ಮಾಡ್ಲಿ?

ಮೈಸೂರಿಂದ ಒಬ್ಬರು:
ಸರ್, ನಾನೂ ಇದೇ ಕೆಲ್ಸದವನು. ಒಂದಿನ ಕೂತು ಎರಡು ವರ್ಷದ ಬಿಲ್‌ಗಳನ್ನ ತೆಗೆದು ನೋಡ್ದೆ, ಚೌಕಾಸಿ ಮಾಡದೇನೇ ದುಡ್ಡು ಕೊಟ್ಟಿದ್ದು ಯಾರು ಅಂತ. ಹೆಚ್ಚಿನವರು ಉಪ್ಪಿನಕಾಯಿ, ಚಟ್ನಿಪುಡಿ ಮಾಡೋರು, ಅದೂ ಪ್ಯಾಕೆಟ್ ಮೇಲಿನ ಲೇಬಲ್ ಸರಿ ಇದ್ಯಾ ಅಂತ ಕೇಳ್ಕೊಂಡು ಬಂದೋರು. ಬಯೋದ ಮೊದಲ ಸಾಲು ಹೀಗೆ ಮಾಡ್ದೆ: "ಉಪ್ಪಿನಕಾಯಿ, ಮಸಾಲೆಪುಡಿ ಘಟಕಗಳ ಲೇಬಲ್ ಪ್ರಿಂಟಿಗೆ ಹೋಗೋ ಮುಂಚೆ ನೋಡಿ ತಿದ್ದಿಕೊಡ್ತೀನಿ." "ಪ್ರಿಂಟಿಗೆ ಹೋಗೋ ಮುಂಚೆ" ಅನ್ನೋದೇ ಮುಖ್ಯ ಸರ್, ಅವ್ರಿಗೆ ಭಯ ಇರೋದು ಅಲ್ಲೇ. ಅದರ ಕೆಳಗೆ ಒಂದು ಉದಾಹರಣೆ ಹಾಕ್ದೆ: ಅಂಗಡಿ ಇಂಗಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಸೇರಿರುತ್ತೆ, ಹಾಗಾಗಿ ಆ ಇಂಗು ಹಾಕಿದ ಉಪ್ಪಿನಕಾಯಿ ಪ್ಯಾಕೆಟ್ ಮೇಲೆ ಅಲರ್ಜಿ ಮಾಹಿತೀಲಿ ಗೋಧಿ ಅಂತ ಬರೀಲೇಬೇಕು. ಇದನ್ನ ಓದಿದೋರು ಫೋನಲ್ಲಿ ರೇಟ್ ಕೇಳೋದು ಬಿಟ್ಟು "ನಮ್ಮ ಪೌಚ್ ಡಿಸೈನ್ ಕಳಿಸ್ತೀನಿ, ನೋಡ್ತೀರಾ" ಅಂತ ಕೇಳೋಕೆ ಶುರು ಮಾಡಿದ್ರು. ಲಿಂಕ್ಡ್‌ಇನ್ ಹೆಡ್‌ಲೈನಿಗೆ 220 ಅಕ್ಷರ ಸಿಗುತ್ತೆ, ಆದ್ರೆ ಸರ್ಚಲ್ಲಿ, ಕಾಮೆಂಟಲ್ಲಿ ಕಾಣೋದು ಮೊದಲ ಕೆಲವು ಪದ ಮಾತ್ರ, "ಸ್ಥಾಪಕರು, ಸಲಹೆಗಾರರು" ಅಂತ ಅದನ್ನ ತುಂಬಿಸ್ಬೇಡಿ. ಜಿಎಸ್‌ಟಿ ಕೆಲ್ಸ ನಾನು ಬಿಟ್ಟಿಲ್ಲ, ಹಳೇ ಗಿರಾಕಿಗಳಿಗೆ ಈಗ್ಲೂ ಮಾಡ್ತೀನಿ, ಬಯೋದಲ್ಲಿ ಬರೆಯಲ್ಲ ಅಷ್ಟೇ.

ಶಿರಸಿಯಿಂದ ಒಬ್ಬ ಗೃಹೋದ್ಯಮಿ:
ನಾನು ಅಪ್ಪೆಮಿಡಿ ಉಪ್ಪಿನಕಾಯಿ ಮಾಡೋಳು. 14 ಅಂಕೆಯ ಲೈಸೆನ್ಸ್ ನಂಬರಲ್ಲಿ ಒಂದು ಅಂಕೆ ತಪ್ಪಿ 5,000 ಪೌಚ್ ಹಾಳಾಯ್ತು, ಆಗ ಯಾರಿಗೆ ಫೋನ್ ಮಾಡ್ಬೇಕು ಅಂತ್ಲೇ ಗೊತ್ತಾಗ್ಲಿಲ್ಲ. "ಬಿಸಿನೆಸ್ ಕನ್ಸಲ್ಟೆಂಟ್" ಅಂತ ಇರೋ ಬಯೋ ನೋಡಿದ್ರೆ ಇವರು ನಮ್ಮಂಥೋರಿಗಲ್ಲ ಅನ್ಸುತ್ತೆ. ಒಂದು ಬಯೋದಲ್ಲಿ ಉಪ್ಪಿನಕಾಯಿ ಅನ್ನೋ ಪದ ಕಾಣ್ತು, ಅವರಿಗೇ ಮಾಡ್ದೆ. ಆಮೇಲೆ ಪರಿಚಯದ ಇಬ್ರಿಗೂ ಅವ್ರ ನಂಬರ್ ಕೊಟ್ಟೆ, "ಲೇಬಲ್ ನೋಡೋರು" ಅಂತ ಹೇಳೋದು ಸುಲಭ ಆಯ್ತು.

ತುಮಕೂರಿಂದ ಒಬ್ಬ ವಕೀಲರು:
ಒಂದ್ ವಿಷ್ಯ ಗಮನಿಸಿ. ನಮ್ಮಂಥ ವಕೀಲರು ಬೋರ್ಡಲ್ಲಿ ಇಂಥ ಕೇಸಲ್ಲೇ ಪರಿಣತ ಅಂತ ಹಾಕೋ ಹಾಗಿಲ್ಲ, ಬಾರ್ ಕೌನ್ಸಿಲ್ ನಿಯಮ 36 ಬಿಡಲ್ಲ. ಸಿಎಗಳಿಗೂ ಜಾಹೀರಾತಿಗೆ ಕಟ್ಟುಪಾಡು ಇದೆ. ನೀವು ಸಿಎ ಆಗಿದ್ರೆ ಬಯೋ ಬದಲಾಯಿಸೋ ಮುಂಚೆ ಸಿಎ ಸಂಸ್ಥೆ ಐಸಿಎಐನ ನೀತಿ ಸಂಹಿತೆ ಓದ್ಕೊಳ್ಳಿ. ಆಗಿಲ್ದಿದ್ರೆ ಇವತ್ತೇ ಬಿಲ್‌ ಫೈಲ್ ತೆಗೀರಿ.